ನಷ್ಟವನ್ನು ಕಾಣದ ತೆರಿಗೆ

ಏಪ್ರಿಲ್ ಸಮೀಪಿಸುತ್ತಿದ್ದಂತೆ ನಮ್ಮ ಬಳಗದ ಕೂಟಗಳಲ್ಲಿ, ಊಟದ ಪಂಕ್ತಿಯ ಮಾತು ಯುಗಾದಿಯ ಸಿದ್ಧತೆಯಿಂದ ತೆರಿಗೆಯತ್ತ ಹೊರಳುವುದು ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: “ನಾನು ಬಿಟ್‌ಕಾಯಿನ್ ಮಾರಿ ಒಂದು ಡಾಲರನ್ನೂ ಬ್ಯಾಂಕಿಗೆ ತಂದಿಲ್ಲ. ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ತೆಗೆದುಕೊಂಡೆ, ಅಷ್ಟೆ. ಇದಕ್ಕೆ ತೆರಿಗೆ ಎಲ್ಲಿಂದ ಬಂತು?” ಪ್ರಶ್ನೆ ಸರಳ, ಉತ್ತರವೂ ಸರಳ. ಆದರೆ ಆ ಉತ್ತರದ ಬೆನ್ನಿಗೇ ಹುಟ್ಟುವ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಲಾಭವಾದಾಗ ಕೈ ಚಾಚುವ ಸರಕಾರ ನಷ್ಟವಾದಾಗ ಏನು ಮಾಡುತ್ತದೆ? ಡಿಜಿಟಲ್ ಸ್ವತ್ತಿನ ತೆರಿಗೆ ನ್ಯಾಯವಾಗಿದೆಯೇ ಎಂಬುದನ್ನು ದರದಿಂದ ಅಳೆಯುವುದು ನಮ್ಮ ಅಭ್ಯಾಸ. ನಷ್ಟವನ್ನು ಅದು ಹೇಗೆ ಕಾಣುತ್ತದೆ ಎಂಬುದೇ ಸರಿಯಾದ ಅಳತೆಗೋಲೆಂದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ನಾವು ನೆಲೆಸಿರುವ ಅಮೆರಿಕವು ಅರ್ಧ ದಾರಿ ನಡೆದಿದೆ. ನಾವು ಹುಟ್ಟಿಬಂದ ಭಾರತ ಹೊರಟೇ ಇಲ್ಲ.

ಮೊದಲ ಪ್ರಶ್ನೆಯ ಉತ್ತರವನ್ನು ಮುಗಿಸಿಬಿಡೋಣ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2014ರಲ್ಲಿಯೇ ಇಂಥ ನಾಣ್ಯಗಳನ್ನು ಹಣವೆಂದಲ್ಲ, ಸ್ವತ್ತೆಂದು ಪರಿಗಣಿಸುವುದಾಗಿ ಪ್ರಕಟಿಸಿತು. ಸ್ವತ್ತನ್ನು ಕೊಟ್ಟು ಬೇರೊಂದು ಸ್ವತ್ತನ್ನು ಪಡೆದರೆ, ಕೊಟ್ಟದ್ದನ್ನು ಆ ಕ್ಷಣದ ಬೆಲೆಗೆ ಮಾರಿದಂತೆ ಲೆಕ್ಕ. ಬಿಟ್‌ಕಾಯಿನ್ ಕೊಟ್ಟು ಈಥರ್ ಕೊಂಡರೂ ಮಾರಾಟವೇ, ಬಿಟ್‌ಕಾಯಿನ್ ಕೊಟ್ಟು ಕಾಫಿ ಕುಡಿದರೂ ಮಾರಾಟವೇ. ಡಾಲರು ಬ್ಯಾಂಕಿಗೆ ಬಂತೋ ಇಲ್ಲವೋ ಎಂಬುದು ಇಲ್ಲಿ ಅಪ್ರಸ್ತುತ. ಫಾರ್ಮ್ 1040ರ ಮೊದಲ ಪುಟದಲ್ಲಿ ಡಿಜಿಟಲ್ ಸ್ವತ್ತಿನ ಬಗ್ಗೆ ಹೌದು–ಇಲ್ಲ ಎಂಬ ಪ್ರಶ್ನೆಯಿದೆಯಲ್ಲ, ಅದು ‘ವಿನಿಮಯ’ವನ್ನೂ ಹೆಸರಿಸಿ ಕೇಳುತ್ತದೆ. ಡಾಲರು ಕೊಟ್ಟು ಕೊಂಡು ಸುಮ್ಮನೆ ಇಟ್ಟುಕೊಂಡವರು ‘ಇಲ್ಲ’ ಎನ್ನಬಹುದು. ನಾಣ್ಯಕ್ಕೆ ನಾಣ್ಯ ಬದಲಿಸಿದವರು ಹಾಗೆನ್ನುವಂತಿಲ್ಲ.

ಇನ್ನು ನಷ್ಟದ ಮಾತು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಬೆಲೆಗಳು ಆಯಾ ಕಾಲದ ಮಾರುಕಟ್ಟೆಗೆ ಹತ್ತಿರವಾದವು. ನಮ್ಮ ನಡುವಿನ ಒಬ್ಬ ತಂತ್ರಾಂಶ ಉದ್ಯೋಗಿ 2020ರ ಅಕ್ಟೋಬರಿನಲ್ಲಿ 11,000 ಡಾಲರಿಗೆ ಒಂದು ಬಿಟ್‌ಕಾಯಿನ್ ಕೊಂಡರೆನ್ನಿ. 2021ರ ನವೆಂಬರಿನಲ್ಲಿ ಅದರ ಬೆಲೆ 58,500 ಡಾಲರು. ಆಗ ಅವರು ಅದನ್ನು ಕೊಟ್ಟು, ತಲಾ 4,500 ಡಾಲರಿನಂತೆ 13 ಈಥರ್ ಪಡೆದರು. ಅವರ ಮನಸ್ಸಿನಲ್ಲಿ ಇದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡಂತೆ. ಕಾನೂನಿನ ಕಣ್ಣಿನಲ್ಲಿ ಅವರಿಗೆ 47,500 ಡಾಲರು ಲಾಭ. ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡದ್ದರಿಂದ ಅದು ದೀರ್ಘಾವಧಿಯ ಬಂಡವಾಳ ಲಾಭ. ಅವರ ವರಮಾನಕ್ಕೆ ಅನ್ವಯಿಸುವ ದರ ಶೇಕಡಾ 15 ಎಂದಿಟ್ಟುಕೊಂಡರೆ 7,125 ಡಾಲರು ಕೇಂದ್ರದ ತೆರಿಗೆ. ರಾಜ್ಯದ ಪಾಲು ಬೇರೆ.

ಈ ತೆರಿಗೆಯನ್ನು ಕಟ್ಟಬೇಕಾದದ್ದು 2022ರ ಏಪ್ರಿಲ್ 18ರೊಳಗೆ. ಅಷ್ಟರಲ್ಲಿ ಈಥರ್ ಬೆಲೆ 3,000 ಡಾಲರಿನ ಆಸುಪಾಸಿಗೆ ಇಳಿದಿತ್ತು. ಜೂನ್ ತಿಂಗಳಲ್ಲಿ ಮಾರುಕಟ್ಟೆ ಕುಸಿದಾಗ ಧೈರ್ಯಗೆಟ್ಟು ತಲಾ 1,100ರಂತೆ ಎಲ್ಲವನ್ನೂ ಮಾರಿದರು. ಕೈಗೆ ಬಂದದ್ದು 14,300 ಡಾಲರು. ಎರಡು ವರ್ಷಗಳ ವ್ಯವಹಾರವನ್ನು ಅಂಗಡಿಯ ಶೆಟ್ಟರು ಲೆಕ್ಕ ಹಾಕುವ ರೀತಿಯಲ್ಲಿ ನೋಡಿದರೆ, 11,000 ಹಾಕಿದರು, 14,300 ತೆಗೆದರು, 3,300 ಲಾಭ. ಆ 3,300ಕ್ಕೆ ಅವರು ತೆತ್ತ ತೆರಿಗೆ 7,125.

ತೆರಿಗೆಯ ಪುಸ್ತಕ ಶೆಟ್ಟರ ಪುಸ್ತಕದಂತಲ್ಲ, ಅದು ಪ್ರತಿವರ್ಷ ಡಿಸೆಂಬರ್ 31ಕ್ಕೆ ಮುಚ್ಚಿಕೊಳ್ಳುತ್ತದೆ. 2021ರ ಪುಟದಲ್ಲಿ 47,500 ಲಾಭ. 2022ರ ಪುಟದಲ್ಲಿ 44,200 ನಷ್ಟ. ಎರಡನೆಯ ಪುಟದ ನಷ್ಟವನ್ನು ಮೊದಲನೆಯ ಪುಟಕ್ಕೆ ಒಯ್ಯಲು ವ್ಯಕ್ತಿಗಳಿಗೆ ಅವಕಾಶವಿಲ್ಲ, ಮುಂದಕ್ಕೆ ಒಯ್ಯಬಹುದು. ಮುಂದೆ ಷೇರಿನಲ್ಲೋ ನಾಣ್ಯದಲ್ಲೋ ಬಂಡವಾಳ ಲಾಭ ಬಂದರೆ ಅದಕ್ಕೆ ಪೂರ್ತಿಯಾಗಿ ಹೊಂದಿಸಿಕೊಳ್ಳಬಹುದು. ಅಂಥ ಲಾಭವಿಲ್ಲದಿದ್ದರೆ ಸಂಬಳದಂಥ ಇತರ ವರಮಾನದಿಂದ ವರ್ಷಕ್ಕೆ 3,000 ಡಾಲರು ಮಾತ್ರ ಕಳೆಯಬಹುದು. ನಮ್ಮ ಉದಾಹರಣೆಯ ಮಿತ್ರರು ಮತ್ತೆ ಮಾರುಕಟ್ಟೆಯ ಮುಖ ನೋಡದಿದ್ದರೆ, ಆ ನಷ್ಟ ಕರಗಲು 2036ರವರೆಗೆ ಕಾಯಬೇಕು. ನಡುವೆ ಅವರು ತೀರಿಕೊಂಡರೆ ಉಳಿದ ನಷ್ಟವೂ ಅವರೊಂದಿಗೇ ಹೋಗುತ್ತದೆ, ಮಕ್ಕಳಿಗೆ ದಾಟುವುದಿಲ್ಲ.

ಈ 3,000 ಡಾಲರಿನ ಮಿತಿ ಎಂದಿನದು ಗೊತ್ತೇ? 1978ರಿಂದ ಅದು ಅಲ್ಲೇ ನಿಂತಿದೆ. ತೆರಿಗೆಯ ಹಂತಗಳು ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷವೂ ಮೇಲೇರುತ್ತವೆ. ನಷ್ಟದ ಮಿತಿ ಮಾತ್ರ ಕದಲಿಲ್ಲ. ಬೆಲೆಯೇರಿಕೆಯ ಲೆಕ್ಕದಲ್ಲಿ ಅಂದಿನ 3,000 ಇಂದಿಗೆ 14,000ವನ್ನು ಮೀರುತ್ತದೆ. ಮಿತಿಯೇ ಬೇಡವೆಂದು ನಾನು ವಾದಿಸುವುದಿಲ್ಲ. ನಷ್ಟವನ್ನು ಯಾವಾಗ ತೋರಿಸಬೇಕೆಂಬುದು ಮಾರುವವನ ಕೈಯಲ್ಲಿರುವುದರಿಂದ, ಲಾಭದ ನಾಣ್ಯವನ್ನು ಇಟ್ಟುಕೊಂಡು ನಷ್ಟದ್ದನ್ನಷ್ಟೇ ಮಾರಿ ಸಂಬಳದ ತೆರಿಗೆಯನ್ನು ಅಳಿಸಿಕೊಳ್ಳುವ ಚತುರರಿಗೆ ಕಡಿವಾಣ ಬೇಕು. ಆದರೆ ಅರ್ಧ ಶತಮಾನದ ಹಿಂದಿನ ಕಡಿವಾಣದಿಂದ ಇಂದಿನ ಕುದುರೆಯನ್ನು ಬಿಗಿಯುವುದು ನ್ಯಾಯವಲ್ಲ.

ಇದರ ಜೊತೆಯಲ್ಲೇ ನಮಗೆ ಅನುಕೂಲವಾದ ಒಂದು ಅನ್ಯಾಯವನ್ನೂ ಹೇಳದಿದ್ದರೆ ವಾದ ಪ್ರಾಮಾಣಿಕವಾಗದು. ಷೇರನ್ನು ನಷ್ಟಕ್ಕೆ ಮಾರಿ, ಅದರ ಹಿಂದಿನ ಅಥವಾ ಮುಂದಿನ ಮೂವತ್ತು ದಿನಗಳಲ್ಲಿ ಅದೇ ಷೇರನ್ನು ಕೊಂಡರೆ ಆ ನಷ್ಟವನ್ನು ಆಗ ತೋರಿಸುವಂತಿಲ್ಲ. ಈ ನಿಯಮದ ಪಠ್ಯದಲ್ಲಿರುವುದು ‘ಷೇರು ಮತ್ತು ಭದ್ರತಾಪತ್ರ’ಗಳೆಂಬ ಮಾತು. ಬಿಟ್‌ಕಾಯಿನ್, ಈಥರ್‌ಗಳು ಐಆರ್‌ಎಸ್ ಕಣ್ಣಿನಲ್ಲಿ ಕೇವಲ ಸ್ವತ್ತಾದ್ದರಿಂದ ಅವುಗಳಿಗೆ ಇದು ತಗಲುವುದಿಲ್ಲ. ನಮ್ಮ ಮಿತ್ರರು 2021ರ ಡಿಸೆಂಬರ್ ಕೊನೆಯಲ್ಲಿ ಈಥರ್ ಬೆಲೆ 3,700ರ ಸುಮಾರಿಗಿದ್ದಾಗ ಹದಿಮೂರನ್ನೂ ಮಾರಿ, ಒಂದೆರಡು ದಿನ ಬಿಟ್ಟು ಹೆಚ್ಚುಕಡಿಮೆ ಅದೇ ಬೆಲೆಗೆ ಮತ್ತೆ ಕೊಂಡಿದ್ದರೆ, 10,400 ಡಾಲರಿನ ನಷ್ಟ ಅದೇ ವರ್ಷದ ಲಾಭಕ್ಕೆ ವಜಾ ಆಗಿ ತೆರಿಗೆಯಲ್ಲಿ 1,560 ಡಾಲರು ಉಳಿಯುತ್ತಿತ್ತು. ಬಲ್ಲವರು ಪ್ರತಿ ಡಿಸೆಂಬರಿನಲ್ಲೂ ಇದನ್ನು ಮಾಡುತ್ತಾರೆ. ಅದೇ ನಿಮಿಷದಲ್ಲಿ ಮಾರಿ ಕೊಳ್ಳುವ ಆಟ ಮಾತ್ರ ಅಪಾಯದ್ದು. ತೆರಿಗೆಯ ಹೊರತು ಬೇರೆ ಯಾವ ಉದ್ದೇಶವೂ ಇಲ್ಲದ ವ್ಯವಹಾರವನ್ನು ತಳ್ಳಿಹಾಕುವ ಅಧಿಕಾರ ಇಲಾಖೆಗಿದೆ. ಷೇರಿಗೊಂದು ನ್ಯಾಯ, ನಾಣ್ಯಕ್ಕೊಂದು ನ್ಯಾಯ ಏಕಿರಬೇಕು? ಈ ಕಿಂಡಿಯನ್ನು ಮುಚ್ಚಬೇಕು, ಮುಚ್ಚುವ ದಿನವೇ ಆ 3,000ವನ್ನು ಏರಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ, ತಿಳಿವಳಿಕೆಯುಳ್ಳವರಿಗೆ ಬೆಣ್ಣೆ, ಉಳಿದವರಿಗೆ ಸುಣ್ಣ ಎಂಬ ಈಗಿನ ಸ್ಥಿತಿ ರೂಪ ಬದಲಿಸಿ ಮುಂದುವರಿಯುತ್ತದೆ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು ಒಂದು ಮಾತನ್ನು ಗಮನಿಸಬೇಕು. ಆ ರಾಜ್ಯದ ತೆರಿಗೆಯಲ್ಲಿ ಈ 3,000ವೂ ಇಲ್ಲ, ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವುದೂ ಇಲ್ಲ. ಆಯಾ ವರ್ಷದ ಲಾಭಕ್ಕೆ ಆಯಾ ವರ್ಷದ ನಷ್ಟ ಮಾತ್ರ. ಭಾರತದ ನಿಯಮವನ್ನು ಟೀಕಿಸುವ ಮುನ್ನ ನಮ್ಮ ಮನೆಯಂಗಳದಲ್ಲೇ ಅದರ ದೂರದ ಬಂಧುವೊಂದು ಇರುವುದನ್ನು ನೆನೆಯುವುದು ಒಳ್ಳೆಯದು.

ಮಾರದೆ ಉಳಿದ ನಷ್ಟದ ಬಗ್ಗೆಯೂ ಒಂದು ಮಾತು. ನಾಣ್ಯದ ಬೆಲೆ ಒಂದು ಸೆಂಟಿಗಿಂತ ಕೆಳಗಿಳಿದಿದ್ದರೂ ಅದು ಎಲ್ಲಾದರೂ ಮಾರಾಟವಾಗುತ್ತಿದ್ದರೆ, ನಿಮ್ಮ ಕೈಯಲ್ಲಿ ಇರುವತನಕ ನಷ್ಟವಿಲ್ಲ. 2023ರ ಆರಂಭದಲ್ಲಿ ಐಆರ್‌ಎಸ್‌ನ ಕಾನೂನು ವಿಭಾಗ ಇದೇ ಅಭಿಪ್ರಾಯವನ್ನು ನೀಡಿತು. ಆದ್ದರಿಂದ ಸತ್ತ ನಾಣ್ಯವನ್ನು ಸಿಕ್ಕ ಬೆಲೆಗೆ ಮಾರಿ ದಾಖಲೆ ಇಟ್ಟುಕೊಳ್ಳುವುದೇ ನಷ್ಟವನ್ನು ಲೆಕ್ಕಕ್ಕೆ ತರುವ ನೇರ ಮಾರ್ಗ.

ಈಗ ಕಾಗದಪತ್ರದ ವಿಷಯ, ಏಕೆಂದರೆ ಇಲ್ಲದ ಲಾಭಕ್ಕೆ ತೆರಿಗೆ ಬೀಳುವ ಹೊಸ ದಾರಿಯೊಂದು ಇಲ್ಲಿಂದಲೇ ತೆರೆದುಕೊಂಡಿದೆ. 2025ರ ಜನವರಿ 1ರಿಂದ ನಡೆದ ಮಾರಾಟಗಳ ವಿವರವನ್ನು ಎಕ್ಸ್‌ಚೇಂಜ್‌ಗಳು 1099-ಡಿಎ ಎಂಬ ಫಾರ್ಮಿನಲ್ಲಿ ಐಆರ್‌ಎಸ್‌ಗೆ ಕಳುಹಿಸುತ್ತವೆ. 2025ರ ಮಾರಾಟಗಳಿಗೆ ಅವು ಕಡ್ಡಾಯವಾಗಿ ತಿಳಿಸಬೇಕಾದದ್ದು ಮಾರಿದ ಬೆಲೆಯನ್ನಷ್ಟೇ, ಕೊಂಡ ಬೆಲೆಯನ್ನಲ್ಲ. 2026ರಿಂದ ಕೊಂಡ ಬೆಲೆಯೂ ಸೇರುತ್ತದೆಯಾದರೂ, ಅದು ಅಲ್ಲೇ ಕೊಂಡು ಅಲ್ಲೇ ಇಟ್ಟ ಹೊಸ ನಾಣ್ಯಗಳಿಗೆ ಮಾತ್ರ. ಒಂದೆಡೆ ಕೊಂಡು, ಸ್ವಂತ ವಾಲೆಟ್ಟಿಗೆ ವರ್ಗಾಯಿಸಿ, ಇನ್ನೊಂದೆಡೆ ಮಾರಿದವರ ಕೊಂಡ ಬೆಲೆ ಆ ಎರಡನೆಯ ಎಕ್ಸ್‌ಚೇಂಜಿಗೆ ತಿಳಿಯುವುದೇ ಇಲ್ಲ. 20,000ಕ್ಕೆ ಕೊಂಡದ್ದನ್ನು 15,000ಕ್ಕೆ ಮಾರಿ 5,000 ನಷ್ಟಪಟ್ಟವರ ಹೆಸರಿನಲ್ಲಿ ಐಆರ್‌ಎಸ್‌ಗೆ ಕಾಣುವುದು ಬರಿಯ 15,000 ಎಂಬ ಅಂಕಿ. ಅವರು ಫಾರ್ಮ್ 8949ರಲ್ಲಿ ಕೊಂಡ ಬೆಲೆಯನ್ನು ತುಂಬದೆ ಬಿಟ್ಟರೆ, ಆ ಹದಿನೈದು ಸಾವಿರವೂ ಲಾಭವೆಂದು ಎಣಿಸಿ ಹೆಚ್ಚುವರಿ ತೆರಿಗೆ ಕೇಳುವ ಸಿಪಿ2000 ಎಂಬ ಪತ್ರ ತಿಂಗಳುಗಳ ನಂತರ ಮನೆಗೆ ಬರಬಹುದು. ಅದಕ್ಕೆ ಗಾಬರಿಯಾಗಬೇಕಿಲ್ಲ; ಕೊಂಡ ದಿನ, ಬೆಲೆ, ವರ್ಗಾವಣೆಯ ದಾಖಲೆ ಇದ್ದರೆ ಉತ್ತರಿಸಬಹುದು. ಇಲ್ಲದಿದ್ದರೆ ಕಷ್ಟ. 2025ರಿಂದ ಕೊಂಡ ಬೆಲೆಯ ಲೆಕ್ಕವನ್ನು ವಾಲೆಟ್ ವಾಲೆಟ್ಟಿಗೂ ಪ್ರತ್ಯೇಕವಾಗಿ ಇಡಬೇಕೆಂಬ ನಿಯಮವೂ ಬಂದಿದೆ. ಎಲ್ಲ ನಾಣ್ಯಗಳನ್ನೂ ಒಂದೇ ರಾಶಿಯಾಗಿ ಎಣಿಸಿ ಬೇಕಾದುದನ್ನು ಆರಿಸಿಕೊಳ್ಳುವ ಹಳೆಯ ರೂಢಿ ಇನ್ನು ನಡೆಯದು. ಎಕ್ಸ್‌ಚೇಂಜ್ ಬಾಗಿಲು ಮುಚ್ಚಿದರೆ ಅದರೊಳಗಿನ ಲೆಕ್ಕವೂ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿವರ್ಷವೂ ವ್ಯವಹಾರದ ಪಟ್ಟಿಯನ್ನು ಇಳಿಸಿಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಲೇಸು.

ಹೀಗೆ ಅಮೆರಿಕದ ಕಾನೂನು ನಷ್ಟವನ್ನು ಗುರುತಿಸುತ್ತದೆ, ಆದರೆ ಜಿಪುಣತನದಿಂದ. ಭಾರತದ್ದು ಜಿಪುಣತನವಲ್ಲ, ನಿರಾಕರಣೆ. 2022ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಗೆ 115ಬಿಬಿಎಚ್ ಎಂಬ ಕಲಮು ಸೇರಿತು. ಆ ವರ್ಷದ ಏಪ್ರಿಲ್ 1ರಿಂದ ಇಂಥ ಸ್ವತ್ತಿನ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಎಷ್ಟು ವರ್ಷ ಇಟ್ಟುಕೊಂಡರೂ ದರ ಅದೇ. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಇಲ್ಲಿಯವರೆಗೆ ನನ್ನ ಆಕ್ಷೇಪವೇನೂ ಇಲ್ಲ. ದರ ಎಷ್ಟಿರಬೇಕೆಂಬುದು ಸರಕಾರದ ನೀತಿಗೆ ಬಿಟ್ಟದ್ದು. ಆಕ್ಷೇಪವಿರುವುದು ಮುಂದಿನ ಮಾತಿಗೆ. ನಷ್ಟವನ್ನು ಬೇರೆ ಯಾವ ವರಮಾನಕ್ಕೂ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಮೊದಲ ಕರಡಿನ ಮಾತುಗಳನ್ನು ಓದಿದವರು, ಕನಿಷ್ಠ ಒಂದು ನಾಣ್ಯದ ನಷ್ಟವನ್ನು ಇನ್ನೊಂದು ನಾಣ್ಯದ ಲಾಭಕ್ಕಾದರೂ ಹೊಂದಿಸಬಹುದೆಂದು ನಂಬಿದ್ದರು. 2022ರ ಮಾರ್ಚಿನಲ್ಲಿ ಸರಕಾರ ಲೋಕಸಭೆಗೆ ನೀಡಿದ ಲಿಖಿತ ಉತ್ತರದಲ್ಲಿ ಅದೂ ಸಾಧ್ಯವಿಲ್ಲವೆಂದಿತು. ಕರಡಿನಲ್ಲಿದ್ದ ‘ಬೇರೆ’ ಎಂಬ ಅರ್ಥದ ಒಂದೇ ಪದವನ್ನು ತಿದ್ದುಪಡಿಯಲ್ಲಿ ತೆಗೆದುಹಾಕಿ ಆ ಬಾಗಿಲನ್ನು ಮುಚ್ಚಲಾಯಿತು. ಒಂದು ಪದದ ಬೆಲೆ ಎಷ್ಟೆಂಬುದನ್ನು ನೋಡಿ.

ಬೆಂಗಳೂರಿನಲ್ಲಿರುವ ಒಬ್ಬರಿಗೆ ಒಂದೇ ವರ್ಷದಲ್ಲಿ ಒಂದು ನಾಣ್ಯದಲ್ಲಿ 5 ಲಕ್ಷ ಲಾಭ, ಇನ್ನೊಂದರಲ್ಲಿ 4 ಲಕ್ಷ ನಷ್ಟ. ನಿಜಕ್ಕೂ ಉಳಿದದ್ದು ಒಂದು ಲಕ್ಷ. ತೆರಿಗೆ ಮತ್ತು ಸೆಸ್ ಸೇರಿ 1,56,000 ರೂಪಾಯಿ. ಗಳಿಸಿದ್ದೆಲ್ಲವನ್ನೂ ಕೊಟ್ಟು, ಮೇಲೆ 56,000ವನ್ನು ಕೈಯಿಂದ ತುಂಬಬೇಕು. ಇದನ್ನು ವರಮಾನ ತೆರಿಗೆ ಎಂದು ಕರೆಯುವುದು ಹೇಗೆ? ಬಾರದ ವರಮಾನಕ್ಕೆ ಬೀಳುವ ತೆರಿಗೆಗೆ ಕನ್ನಡದಲ್ಲಿ ದಂಡವೆಂಬ ಸರಿಯಾದ ಪದವೇ ಇದೆ.

ಇದರ ಜೊತೆಗೆ ಪ್ರತಿ ಮಾರಾಟದ ಪೂರ್ಣ ಮೊತ್ತದ ಮೇಲೆ ಶೇಕಡಾ 1ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳುವ ಟಿಡಿಎಸ್ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಅದು ಕೊನೆಗೆ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾದರೆ ಮರಳುತ್ತದೆ; ಹಾಗಾಗಿ ಅದರ ಬಗ್ಗೆ ನನಗೆ ಅಷ್ಟು ಕೋಪವಿಲ್ಲ. ವ್ಯವಹಾರದ ಜಾಡು ಹಿಡಿಯುವುದು ಅದರ ಉದ್ದೇಶವಾಗಿದ್ದರೆ ಅದಕ್ಕಿಂತ ಬಹಳ ಸಣ್ಣ ದರವೂ ಸಾಕು ಎಂದಷ್ಟೇ ಹೇಳಬಲ್ಲೆ.

ಸರಕಾರದ ಪರವಾದ ವಾದವನ್ನೂ ಕೇಳಬೇಕು. ಇದು ಜೂಜು, ಲಾಟರಿಯಂತೆಯೇ ಇದನ್ನೂ ಕಾಣಬೇಕು. ಸಣ್ಣ ಹೂಡಿಕೆದಾರರು ಇತ್ತ ಸುಳಿಯದಿರಲಿ ಎಂಬ ಎಚ್ಚರಿಕೆಯೂ ತೆರಿಗೆಯಲ್ಲಿ ಅಡಗಿರಲಿ ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ 1961ರ ಅದೇ ಆದಾಯ ತೆರಿಗೆ ಕಾಯ್ದೆ ಸಟ್ಟಾ ವ್ಯಾಪಾರದ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ದು ಸಟ್ಟಾ ಲಾಭಕ್ಕೆ ಹೊಂದಿಸಲು ಬಿಟ್ಟಿತ್ತು. ಅಷ್ಟೇ ಅಲ್ಲ, ಪಂದ್ಯದ ಕುದುರೆಗಳನ್ನು ಸಾಕಿ ಓಡಿಸುವ ಮಾಲೀಕನ ನಷ್ಟಕ್ಕೂ ನಾಲ್ಕು ವರ್ಷಗಳ ಅಂಥದೇ ಅವಕಾಶವಿತ್ತು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ಸೋತರೆ ಮಾಲೀಕನ ಕಣ್ಣೀರನ್ನು ಕಾನೂನು ನಾಲ್ಕು ವರ್ಷ ನೆನಪಿಡುತ್ತದೆ. ಪಕ್ಕದ ಬೀದಿಯ ಯುವಕನ ನಾಣ್ಯ ಸೋತರೆ ಅದೇ ದಿನ ಮರೆಯುತ್ತದೆ. ನಿರುತ್ಸಾಹಗೊಳಿಸುವುದೇ ಗುರಿಯಾದರೆ ದರ ಏರಿಸಲಿ, ಸಂಬಳಕ್ಕೆ ನಷ್ಟ ಹೊಂದಿಸುವುದನ್ನು ತಡೆಯಲಿ, ತಪ್ಪಿಲ್ಲ. ಡಿಜಿಟಲ್ ಸ್ವತ್ತಿನ ನಷ್ಟವನ್ನು ಡಿಜಿಟಲ್ ಸ್ವತ್ತಿನ ಲಾಭಕ್ಕೆ ಹೊಂದಿಸಲು, ಕುದುರೆಗೆ ಕೊಟ್ಟಂತೆ ನಾಲ್ಕು ವರ್ಷ ಮುಂದಕ್ಕೆ ಒಯ್ಯಲು ಬಿಡಲಿ. ಇದಕ್ಕಿಂತ ಹೆಚ್ಚನ್ನು ನಾನು ಕೇಳುತ್ತಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಹಳೆಯ ಭಾಷೆಯನ್ನು ಸರಳಗೊಳಿಸುವ ಸಂಕಲ್ಪದೊಂದಿಗೆ ಬಂದದ್ದು; ಕಲಮಿನ ಸಂಖ್ಯೆ ಬದಲಾಯಿತೇ ಹೊರತು ಈ ನಿಯಮದ ಸಾರ ಬದಲಾಗಲಿಲ್ಲ.

ಅಮೆರಿಕದಲ್ಲಿರುವ ನಮಗೆ ಇದರ ಗೊಡವೆ ಏಕೆ ಎನ್ನುವವರಿಗೆ ಎರಡು ಸನ್ನಿವೇಶಗಳನ್ನು ತೋರಿಸುತ್ತೇನೆ. ಊರಿನಲ್ಲಿದ್ದಾಗ ಭಾರತೀಯ ಎಕ್ಸ್‌ಚೇಂಜಿನಲ್ಲಿ ತೆರೆದ ಖಾತೆಯನ್ನು ಹಾಗೆಯೇ ಇಟ್ಟುಕೊಂಡು ಇಲ್ಲಿಗೆ ಬಂದವರು ನಮ್ಮಲ್ಲಿದ್ದಾರೆ. ಅಂಥವರು ಅಲ್ಲಿ ಮಾರಿದಾಗ ಭಾರತ ತನ್ನ ನಿಯಮದಂತೆ, ಅಮೆರಿಕ ತನ್ನ ನಿಯಮದಂತೆ ತೆರಿಗೆ ಹಾಕುತ್ತದೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ 13ನೆಯ ವಿಧಿ ಬಂಡವಾಳ ಲಾಭದ ಮಟ್ಟಿಗೆ ಇಬ್ಬರಿಗೂ ಈ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟಿದೆ. ದೀರ್ಘಾವಧಿಯ ಒಂದು ಮಾರಾಟದಲ್ಲಿ 10,000 ಡಾಲರಿಗೆ ಸಮನಾದ ಲಾಭ, ಇನ್ನೊಂದರಲ್ಲಿ 8,000ದ ನಷ್ಟವಾಯಿತೆನ್ನಿ. ಭಾರತಕ್ಕೆ 3,120 ಡಾಲರು ಸಲ್ಲುತ್ತದೆ. ಅಮೆರಿಕಕ್ಕೆ ಕಾಣುವ ಲಾಭ 2,000, ಅದರ ತೆರಿಗೆ 300. ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಿನಾಯಿತಿ ಸಿಗುವುದು, ಅದೇ ವರಮಾನದ ಮೇಲೆ ಇಲ್ಲಿ ಬೀಳುವ ತೆರಿಗೆಯ ಮಿತಿಯೊಳಗೆ ಮಾತ್ರ. ಎಂದರೆ ಹೆಚ್ಚೆಂದರೆ ಆ 300. ಅದೂ ದಕ್ಕುವುದು ಸುಲಭವಲ್ಲ, ಏಕೆಂದರೆ ಇಲ್ಲಿನ ನಿವಾಸಿ ಮಾರಿದ ಇಂಥ ಸ್ವತ್ತಿನ ಲಾಭವನ್ನು ಸಾಮಾನ್ಯವಾಗಿ ಅಮೆರಿಕದಲ್ಲೇ ಹುಟ್ಟಿದ ವರಮಾನವೆಂದು ಕಾನೂನು ಎಣಿಸುತ್ತದೆ. ಒಂದು ದೇಶ ನಷ್ಟವನ್ನು ಕಂಡು, ಇನ್ನೊಂದು ಕಾಣದಿದ್ದಾಗ, ನಡುವಿನ ಕಂದಕಕ್ಕೆ ಬೀಳುವವರು ನಾವು.

ಎರಡನೆಯ ಸನ್ನಿವೇಶ ಊರಿಗೆ ಮರಳುವವರದು. ಮೈಸೂರಿನಲ್ಲೋ ಧಾರವಾಡದಲ್ಲೋ ಮನೆ ಕಟ್ಟಿಸಿ, ನಿವೃತ್ತಿಯ ನಂತರ ಹೊರಡಲು ಸಿದ್ಧರಾದ ಹಿರಿಯರು ಅನೇಕರು. ಹೆಚ್ಚು ಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಎರಡು, ಕೆಲವೊಮ್ಮೆ ಮೂರು ವರ್ಷ ಭಾರತದ ಕಾನೂನಿನಲ್ಲಿ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ಮಧ್ಯದ ಸ್ಥಾನವಿರುತ್ತದೆ. ಆ ಅವಧಿಯಲ್ಲಿ ಹೊರದೇಶದಲ್ಲಿ ಹುಟ್ಟಿ ಹೊರದೇಶದಲ್ಲೇ ಕೈಸೇರಿದ ವರಮಾನ ಸಾಮಾನ್ಯವಾಗಿ ಅಲ್ಲಿನ ತೆರಿಗೆಗೆ ಒಳಪಡುವುದಿಲ್ಲ. ಅದು ಮುಗಿದ ಮೇಲೆ ಅಮೆರಿಕದ ಎಕ್ಸ್‌ಚೇಂಜಿನಲ್ಲಿರುವ ನಾಣ್ಯವನ್ನು ಮಾರಿದರೂ ಶೇಕಡಾ 30ರ ನಿಯಮವೇ ಅನ್ವಯ. ಲಾಭವನ್ನು ಎಣಿಸುವುದು ಊರು ಸೇರಿದ ದಿನದ ಬೆಲೆಯಿಂದಲ್ಲ, ಮೊದಲು ಕೊಂಡ ಬೆಲೆಯಿಂದ. ಇಲ್ಲಿ ವರ್ಷಕ್ಕೆ ಮೂರು ಸಾವಿರದಂತೆ ಕರಗಿಸುತ್ತಾ ಉಳಿಸಿಕೊಂಡು ಬಂದ ಹಳೆಯ ನಷ್ಟಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ. ಆದ್ದರಿಂದ ಮರಳಲು ಟಿಕೆಟ್ ಕಾಯ್ದಿರಿಸುವ ಮೊದಲು, ಯಾವ ನಾಣ್ಯವನ್ನು ಯಾವ ವರ್ಷ, ಯಾವ ದೇಶದ ನಿವಾಸಿಯಾಗಿ ಮಾರುವುದೆಂಬುದನ್ನು ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರೊಂದಿಗೆ ಕುಳಿತು ನಿರ್ಧರಿಸಿಕೊಳ್ಳಬೇಕು. ನಷ್ಟವನ್ನು ಇಲ್ಲಿನ ಲಾಭಕ್ಕೆ ಹೊಂದಿಸಿ ಮುಗಿಸುವ ಅವಕಾಶ ಇರುವುದು, ಮಾರಾಟ ಭಾರತದ ತೆರಿಗೆಯ ವ್ಯಾಪ್ತಿಗೆ ಬರುವ ಮುನ್ನ ಮಾತ್ರ.